ಗೋಕಾಕವೋ, ಚಿತ್ರಕೋಟವೋ? ಫೋಟೋ ನೋಡಿ ಜಲಪಾತ ಗುರುತಿಸುವ ಕೆಲಸ

ಪತ್ರಿಕೆಯೊಂದರ ಫೋಟೋ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಚಿತ್ರದ ಜೊತೆ ಬಂದ ಊರಿನ ಹೆಸರು ಸರಿಯಿದೆಯಾ ಅಂತ ನೋಡುವುದು ನನ್ನ ಪಾಲಿನ ಕೆಲಸ. ಮಳೆಗಾಲ ಶುರುವಾದರೆ ಜಲಪಾತದ ಫೋಟೋಗಳು ರಾಶಿ ರಾಶಿ ಬರುತ್ತವೆ. ಜೋಗಕ್ಕೆ ಹೆಚ್ಚು ಹೊತ್ತು ಬೇಡ, ನಾಲ್ಕು ಕವಲುಗಳು ಎದುರಿಗೇ ಕಾಣುತ್ತವೆ. ದೂಧ್‌ಸಾಗರದಲ್ಲಿ ರೈಲು ಸೇತುವೆಯೇ ಗುರುತು. ನಿಜವಾಗಿ ತಲೆ ತಿನ್ನುವುದು ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ ಮತ್ತು ಛತ್ತೀಸ್‌ಗಢದ ಬಸ್ತರ್‌ನಲ್ಲಿರುವ ಚಿತ್ರಕೋಟ.

ಒಂದು ಘಟಪ್ರಭಾ ನದಿಯದು, ಇನ್ನೊಂದು ಇಂದ್ರಾವತಿಯದು. ಎರಡೂ ಕುದುರೆ ಲಾಳದ ಆಕಾರದಲ್ಲಿ ಬಾಗಿ ಬೀಳುತ್ತವೆ. ಮಳೆಗಾಲದಲ್ಲಿ ಎರಡರ ನೀರೂ ಕೆಂಪು ಮಣ್ಣಿನ ಬಣ್ಣ. ಎರಡಕ್ಕೂ ನಯಾಗರದ ಹೋಲಿಕೆ ಅಂಟಿಕೊಂಡಿದೆ. ಹೀಗಾಗಿ ನೀರು ಬೀಳುವ ರೂಪ ಒಂದನ್ನೇ ನಂಬಿಕೊಂಡರೆ ಇಲ್ಲಿ ಕೆಲಸ ನಡೆಯುವುದಿಲ್ಲ.

ಬಂಡೆಯೂ ಅರ್ಧ ದಾರಿಗೆ ಮಾತ್ರ ಕರೆದುಕೊಂಡು ಹೋಗುತ್ತದೆ. ನೀರು ಬೀಳದ ಪಕ್ಕದ ಗೋಡೆಯನ್ನು ದೊಡ್ಡದು ಮಾಡಿ ನೋಡಿ. ಎರಡೂ ಕಡೆ ಮರಳುಗಲ್ಲಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿರುತ್ತವೆ, ಕಡಪ ಕಲ್ಲು ಜೋಡಿಸಿಟ್ಟ ಹಾಗೆ. ಇಂಥ ಕಡೆ ಮೇಲಿನ ಗಟ್ಟಿ ಪದರದ ಕೆಳಗಿರುವ ಮೆತ್ತನೆಯ ಪದರವನ್ನು ನೀರು ಮೊದಲು ಕೊರೆಯುತ್ತದೆ. ಆಸರೆ ತಪ್ಪಿದ ಮೇಲಿನ ಕಲ್ಲು ಮುರಿದು ಬೀಳುತ್ತದೆ. ನೀರಿನ ರಭಸ ಜಾಸ್ತಿ ಇರುವ ನಡುಭಾಗ ಬೇಗ ಹಿಂದೆ ಸರಿಯುವುದರಿಂದ ಲಾಳದ ಆಕಾರ ಬರುತ್ತದೆ. ಶಿವನಸಮುದ್ರದ ಗಗನಚುಕ್ಕಿಯಲ್ಲಿ ಈ ಅಡ್ಡ ಗೆರೆಗಳು ಕಾಣುವುದಿಲ್ಲ. ಅಲ್ಲಿನದು ಹಳೆಯ ಗಟ್ಟಿ ನೈಸ್ ಶಿಲೆ, ನೀರು ಬಂಡೆಗಳ ನಡುವೆ ಹಂಚಿಹೋಗಿ ಬೀಳುತ್ತದೆ. ಅಂದರೆ ಬಂಡೆ ನೋಡಿ ಗಗನಚುಕ್ಕಿಯನ್ನು ಪಟ್ಟಿಯಿಂದ ತೆಗೆಯಬಹುದು, ಚಿತ್ರಕೋಟವನ್ನು ತೆಗೆಯಲಾಗದು.

ಹೀಗೇ ಒಂದು ಫೋಟೋ ಗೋಕಾಕದ ಹೆಸರಿನಲ್ಲಿ ಬಂತು. ಮಳೆ ಮುಗಿದು ನೀರು ಸ್ವಲ್ಪ ಇಳಿದ ಸಮಯದ್ದು. ನಾನು ಮೊದಲು ನೋಡಿದ್ದು ನೀರಲ್ಲ, ಅದರ ಹಿಂದಿನ ಬಾನಂಚು. ಜಲಪಾತದ ತಲೆಯ ಮೇಲೆ ಅಗಲವಾದ ನದಿ, ಅದರಾಚೆ ಮರಗಳ ಸಾಲು, ಎಲ್ಲ ಒಂದೇ ಮಟ್ಟ. ಗೋಕಾಕದಲ್ಲಿ ನೀರು ಕಣಿವೆಗೆ ಬೀಳುತ್ತದೆ. ಸುತ್ತ ಕಲ್ಲುಗುಡ್ಡ, ಅದರ ಮೇಲೆ ಕುರುಚಲು ಗಿಡ, ಮುಳ್ಳುಕಂಟಿ. ದಟ್ಟ ಹಸಿರು ಕಾಡು ಅಲ್ಲಿಲ್ಲ.

ಆಮೇಲೆ ಜನ ಎಲ್ಲಿ ನಿಂತಿದ್ದಾರೆ ಅಂತ ಹುಡುಕಿದೆ. ದಡದ ಮೇಲೆ ಕಂಬಿ ಹಾಕಿದ ಕಟ್ಟೆ ಇತ್ತು, ಹೆಚ್ಚುಕಡಿಮೆ ಜಲಪಾತದ ತುದಿಯ ಎತ್ತರದಲ್ಲೇ. ಕೆಳಗಿನ ಮಡುವಿನಲ್ಲಿ ಪ್ರವಾಸಿಗರ ದೋಣಿಗಳಿದ್ದವು. ಚಿತ್ರಕೋಟದಲ್ಲಿ ಕೆಳಗಿಳಿದು ದೋಣಿಯಲ್ಲಿ ನೀರಿನ ಹತ್ತಿರ ಹೋಗುತ್ತಾರೆ. ಗೋಕಾಕದ ಗುರುತೇ ಬೇರೆ. ಜಲಪಾತದ ನೆತ್ತಿಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ದಡದಲ್ಲಿ ಹಳೆಯ ಹತ್ತಿ ಗಿರಣಿಯ ಕಟ್ಟಡಗಳು, ಮಹಾಲಿಂಗೇಶ್ವರ ದೇವಸ್ಥಾನ.

ಗೋಕಾಕ ಕಡೆಯ ವರದಿಗಾರರೊಬ್ಬರಿಗೆ ಚಿತ್ರ ಕಳಿಸಿದೆ. ತಕ್ಷಣ ಫೋನ್ ಮಾಡಿದರು: “ಇದು ನಮ್ಮ ಫಾಲ್ಸ್ ಅಲ್ರೀ ಸರ. ತೂಗು ಸೇತುವೆ ಎಲ್ಲೈತ್ರಿ?”

ಆದರೆ ಸೇತುವೆ ಕಾಣದಿದ್ದ ಮಾತ್ರಕ್ಕೆ ಗೋಕಾಕ ಅಲ್ಲ ಅನ್ನಲಾಗದು. ಚಿತ್ರದ ಮೇಲ್ಭಾಗ ಕತ್ತರಿಸಿದ್ದರೆ ಸೇತುವೆಯೂ ಹೋಗಿರುತ್ತದೆ. ಅದಕ್ಕೇ ಎತ್ತರ ಅಳೆದೆ. ಜಲಪಾತದ ತುದಿಯ ಪಕ್ಕದ ಬಂಡೆ ಮೇಲೆ ಒಬ್ಬರು ನಿಂತಿದ್ದರು. ದೊಡ್ಡದು ಮಾಡಿದಾಗ ಅವರು 24 ಪಿಕ್ಸೆಲ್, ನೀರು ಬೀಳುವ ಎತ್ತರ 430 ಪಿಕ್ಸೆಲ್. ಅಂದರೆ ಸುಮಾರು 18 ಆಳೆತ್ತರ. ಒಬ್ಬರ ಎತ್ತರ 1.65 ಮೀಟರ್ ಅಂತ ಹಿಡಿದರೆ 30 ಮೀಟರಿನ ಆಸುಪಾಸು ಬರುತ್ತದೆ. ಚಿತ್ರಕೋಟ ಸುಮಾರು 29 ಮೀಟರ್, ಗೋಕಾಕ ಸುಮಾರು 52. ಗೋಕಾಕವಾಗಿದ್ದರೆ 31 ಆಳೆತ್ತರ ಬರಬೇಕಿತ್ತು. ಈ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ, ಆದರೆ ಇಷ್ಟು ದೊಡ್ಡ ಅಂತರ ಮುಚ್ಚಿಹೋಗುವುದಿಲ್ಲ. ಒಂದು ಷರತ್ತು ಮಾತ್ರ ಇದೆ. ಆ ವ್ಯಕ್ತಿ ಜಲಪಾತದಷ್ಟೇ ದೂರದಲ್ಲಿ ಇರಬೇಕು. ಕ್ಯಾಮೆರಾ ಪಕ್ಕದಲ್ಲಿ ಸೆಲ್ಫಿಗೆ ನಿಂತವರನ್ನು ಹಿಡಿದು ಅಳೆದರೆ ಉತ್ತರ ಪೂರ್ತಿ ಹಾಳು.

ಬೇಸಿಗೆಯ ಚಿತ್ರಗಳಿಗೆ ಇನ್ನೂ ಎಚ್ಚರ ಬೇಕು. ಗೋಕಾಕದ ಮೇಲ್ಗಡೆ ಹಿಡಕಲ್ ಅಣೆಕಟ್ಟೆ ಮತ್ತು ಧೂಪದಾಳದ ಒಡ್ಡು ಇವೆ. ನೀರು ಬಿಡದಿದ್ದರೆ ಬರೀ ಬಂಡೆ ಕಾಣುತ್ತದೆ, ಲಾಳವೂ ಇಲ್ಲ, ಕೆಂಪು ನೀರೂ ಇಲ್ಲ. ಚಿತ್ರಕೋಟವೂ ಆಗ ಕೆಲವೇ ಎಳೆಗಳಾಗಿ ಒಡೆದಿರುತ್ತದೆ. ಅಂಥ ಚಿತ್ರ ಬಂದಾಗ ತೆಗೆದವರಿಗೆ ಫೋನ್ ಮಾಡಿ, ಅದೇ ಜಾಗದಲ್ಲಿ ತೆಗೆದ ಇನ್ನೊಂದು ಅಗಲ ಫ್ರೇಮ್ ಕೇಳುತ್ತೇನೆ. ದಡ, ಮೆಟ್ಟಿಲು, ಫಲಕದ ಅಕ್ಷರ, ಏನಾದರೂ ಒಂದು ಅದರಲ್ಲಿ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಆ ಚಿತ್ರವನ್ನು ಪುಟಕ್ಕೆ ಬಿಡುವುದಿಲ್ಲ.