ಹೊಗಳಿಕೆ ಹೋಗಲಿ, 360 ಉಳಿಯಲಿ

ವಿರಾಜಪೇಟೆಯಲ್ಲಿ ನಾವು ಕೆಲವರು ಕನ್ನಡ ವಿಕಿಪೀಡಿಯದ ಲೇಖನಗಳನ್ನು ತಿದ್ದಲು ಕೂತ ದಿನ ಮೊದಲು ತೆರೆದದ್ದು ಕೊಡವ ಕೌಟುಂಬಿಕ ಹಾಕಿ ಉತ್ಸವದ ಬರಹವನ್ನು. ಬರೆದ ಹುಡುಗ ಡಿಗ್ರಿ ಓದುತ್ತಿರುವವನು. ಪತ್ರಿಕೆಗಳ ವರದಿಗಳನ್ನು ಹುಡುಕಿ, ಪ್ರತಿ ಅಂಕಿಗೂ ಉಲ್ಲೇಖ ಕೊಟ್ಟಿದ್ದ. ಭಾಷೆ ಮಾತ್ರ ಸ್ವಾಗತ ಕಮಾನಿನ ಬ್ಯಾನರಿನದು. ಒಂದು ಪ್ಯಾರಾ ಹೀಗಿತ್ತು:

"ಕೊಡಗಿನ ವೀರ ಪರಂಪರೆಯ ಅಪ್ರತಿಮ ಪ್ರತೀಕವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವು ಜಗತ್ತಿನಲ್ಲೇ ಅತಿ ದೊಡ್ಡ ಹಾಕಿ ಹಬ್ಬ. ದೂರದರ್ಶಿ ಮಹನೀಯರಾದ ಶ್ರೀಯುತ ಪಾಂಡಂಡ ಕುಟ್ಟಪ್ಪನವರ ಕನಸಿನ ಕೂಸಾಗಿ 1997ರಲ್ಲಿ ಕರಡ ಗ್ರಾಮದಲ್ಲಿ ಜನ್ಮತಾಳಿದ ಈ ಉತ್ಸವ ಅಂದಿನಿಂದ ಹಿಂತಿರುಗಿ ನೋಡಿದ್ದೇ ಇಲ್ಲ.[1] 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ಅದ್ದೂರಿಯಾಗಿ ನಡೆಸಿದ ಉತ್ಸವದಲ್ಲಿ ಬರೋಬ್ಬರಿ 360 ತಂಡಗಳು ಸೆಣಸಿ ಗಿನ್ನೆಸ್ ದಾಖಲೆ ಬರೆದವು.[2] ಹಲವು ಒಲಿಂಪಿಯನ್‌ಗಳನ್ನು ದೇಶಕ್ಕೆ ನೀಡಿದ ಈ ಉತ್ಸವವನ್ನು ಕ್ರೀಡಾಪ್ರೇಮಿಗಳು ಜೀವನದಲ್ಲಿ ಒಮ್ಮೆಯಾದರೂ ನೋಡಲೇಬೇಕು.[3]"

ಇಂಥ ಪ್ಯಾರಾ ಕಂಡಾಗ ಅನುಭವಿಗಳೂ ಮಾಡುವ ಕೆಲಸವೆಂದರೆ "ಪ್ರಚಾರದ ಭಾಷೆ" ಎಂದು ಸಂಪಾದನೆಯ ಸಾರಾಂಶದಲ್ಲಿ ಬರೆದು ಇಡೀ ಪ್ಯಾರಾ ಅಳಿಸಿಬಿಡುವುದು. ಆಗ 1997, ಕರಡ, ನಾಪೋಕ್ಲು, 360 ಎಲ್ಲವೂ ಹೊಗಳಿಕೆಯ ಜತೆಗೇ ಹೋಗುತ್ತವೆ. ಓದುಗನಿಗೆ ಬೇಕಾಗಿದ್ದದ್ದು ಅವೇ. ಅದಕ್ಕೇ ಒಂದು ಪದ ಮುಟ್ಟುವ ಮೊದಲು ಕಾಗದದಲ್ಲಿ ಪಟ್ಟಿ ಮಾಡಿಕೊಂಡೆವು: ಹೆಸರು, ಊರು, ಇಸವಿ, ಅಂಕಿ, ಮತ್ತು ಯಾವುದಕ್ಕೆ ಯಾವ ಉಲ್ಲೇಖ. ಪಟ್ಟಿ ಮಾಡುವಾಗ ಮೂಲಗಳನ್ನು ತೆರೆದು ಓದಲೇಬೇಕು. ವಾಕ್ಯದ ಕೊನೆಯಲ್ಲಿ ಒಂದು ಸಂಖ್ಯೆ ಇದ್ದ ಮಾತ್ರಕ್ಕೆ ಆ ಮೂಲ ಇಡೀ ವಾಕ್ಯಕ್ಕೆ ಆಧಾರವೆಂದಲ್ಲ. ಸಾಮಾನ್ಯವಾಗಿ ಅರ್ಧ ವಾಕ್ಯಕ್ಕಷ್ಟೇ ಇರುತ್ತದೆ.

ಸುಲಭದ್ದು ಮೊದಲು. "ವೀರ ಪರಂಪರೆಯ ಅಪ್ರತಿಮ ಪ್ರತೀಕ", "ಅದ್ದೂರಿಯಾಗಿ", "ನೋಡಲೇಬೇಕು" ಇವುಗಳೊಳಗೆ ಯಾವ ಮಾಹಿತಿಯೂ ಇಲ್ಲ, ತೆಗೆದರೆ ಏನೂ ಕಳೆಯುವುದಿಲ್ಲ. "ಬರೋಬ್ಬರಿ" ಪತ್ರಿಕೆಯ ತಲೆಬರಹದ ಪದ. 360 ಹೆಚ್ಚೋ ಕಡಿಮೆಯೋ ಎಂದು ಓದುಗನೇ ತೀರ್ಮಾನಿಸಲಿ. "ಕೇವಲ" ಎಂಬುದೂ ಇದೇ ಜಾತಿಯದು, ದಿಕ್ಕು ಮಾತ್ರ ಬೇರೆ. "ಸೆಣಸಿ" ಎಂಬಲ್ಲಿ "ಭಾಗವಹಿಸಿ" ಎಂದರೆ ಸಾಕು.

"ಕನಸಿನ ಕೂಸು" ಹಾಗಲ್ಲ. ಅಲಂಕಾರವೆಂದು ಅದನ್ನು ಕಿತ್ತರೆ "ಉತ್ಸವ 1997ರಲ್ಲಿ ಕರಡದಲ್ಲಿ ಆರಂಭವಾಯಿತು" ಎಂದಷ್ಟೇ ಉಳಿಯುತ್ತದೆ; ಈ ಯೋಜನೆ ಯಾರದು ಎಂಬ ಆಧಾರಸಹಿತ ಮಾಹಿತಿ ಸದ್ದಿಲ್ಲದೆ ಮಾಯ. ಆದ್ದರಿಂದ ಅಲಂಕಾರದೊಳಗಿನ ಸಂಗತಿಯನ್ನು ಬಿಡಿಸಿ ಸಾದಾ ಮಾತಿನಲ್ಲಿ ಹೇಳಬೇಕು: "ಪಾಂಡಂಡ ಕುಟ್ಟಪ್ಪ ಅವರ ಯೋಜನೆಯಂತೆ ಮೊದಲ ಪಂದ್ಯಾವಳಿ ನಡೆಯಿತು." ಇಲ್ಲಿ ನಮ್ಮ ಜತೆಗಿದ್ದ ನಿವೃತ್ತ ಪಿ.ಟಿ. ಮಾಸ್ಟರು ತಡೆದರು. "ಶ್ರೀಯುತ ತೆಗೆದರೆ ಹಿರಿಯರಿಗೆ ಅಗೌರವ ಆಗಲ್ವಾ?" ಎಂದರು. ಆಗುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಇದೆ. "ಅವರು", "ಆರಂಭಿಸಿದರು" ಎಂಬ ಬಹುವಚನ ಎಲ್ಲ ವ್ಯಕ್ತಿಗಳಿಗೂ ಸಮನಾಗಿ ಸಲ್ಲುವ ಸಾಮಾನ್ಯ ಮರ್ಯಾದೆ, ಅದನ್ನು ಉಳಿಸಬೇಕು. ಶ್ರೀಯುತ, ಸನ್ಮಾನ್ಯ, ಮಹನೀಯ, ದೂರದರ್ಶಿ ಇವು ಬರೆಯುವವನ ಅಭಿಪ್ರಾಯ. ತಟಸ್ಥವಾಗಿಸುವ ಹುಮ್ಮಸ್ಸಿನಲ್ಲಿ ಕೆಲವರು ಏಕವಚನಕ್ಕೆ ಇಳಿಯುತ್ತಾರೆ. ಅದು ತಟಸ್ಥವಲ್ಲ, ಇನ್ನೊಂದು ಬದಿಗೆ ವಾಲುವುದು.

"ಹಿಂತಿರುಗಿ ನೋಡಿದ್ದೇ ಇಲ್ಲ" ಎಂಬುದು ಬರೀ ಸವಕಲು ಮಾತೆಂದು ಮೊದಲು ಅನಿಸುತ್ತದೆ. ಓದುಗ ಅದರಿಂದ ತಿಳಿಯುವುದು ಏನು? ಉತ್ಸವ ಪ್ರತಿ ವರ್ಷ ತಪ್ಪದೆ ನಡೆದಿದೆ ಎಂದು. ಕೋವಿಡ್ ಕಾಲದಲ್ಲಿ ನಡೆದಿರಲಿಲ್ಲ. ಅಂದರೆ ಹೊಗಳಿಕೆಯ ಮರೆಯಲ್ಲಿ ತಪ್ಪು ಮಾಹಿತಿ ಕೂತಿತ್ತು. ಇಂಥ ಕಡೆ ಪದ ತೆಗೆದು ಸುಮ್ಮನಾಗುವುದಕ್ಕಿಂತ, ಮೂಲ ಸಿಕ್ಕರೆ ನಡೆಯದ ವರ್ಷಗಳನ್ನು ಹೇಳುವುದು ಮೇಲು.

ಈಗ "ಜಗತ್ತಿನಲ್ಲೇ ಅತಿ ದೊಡ್ಡ". ವಿಶ್ವಕೋಶದಲ್ಲಿ "ಅತಿ" ಎಂದ ಕೂಡಲೇ ಕತ್ತರಿ ಹಾಕುವ ಅಭ್ಯಾಸವಿದೆ, ಇಲ್ಲಿ ಅದು ತಪ್ಪಾಗುತ್ತದೆ. ಈ ಮಾತಿಗೆ ಹಿಡಿಯಬಹುದಾದ ಆಧಾರವಿದೆ: 2024ರ 360 ತಂಡಗಳ ಪಂದ್ಯಾವಳಿಯನ್ನು ಗಿನ್ನೆಸ್ ಸಂಸ್ಥೆ ದಾಖಲೆಯೆಂದು ಪರಿಗಣಿಸಿದೆ. ತೊಂದರೆ ಇರುವುದು ಮಾತು ಹರಡಿಕೊಂಡ ರೀತಿಯಲ್ಲಿ. ದೊಡ್ಡದು ಯಾವುದರಲ್ಲಿ, ತಂಡಗಳಲ್ಲೋ, ಪ್ರೇಕ್ಷಕರಲ್ಲೋ, ಹಣದಲ್ಲೋ? ಯಾವ ವರ್ಷ? ಹೇಳಿದವರು ಯಾರು? ಈ ಮೂರಕ್ಕೆ ಉತ್ತರ ಕೊಟ್ಟರೆ ಜಂಬದ ಮಾತು ಮಾಹಿತಿಯಾಗುತ್ತದೆ. "ಉತ್ಸವ ಅತಿ ದೊಡ್ಡದು" ಎಂಬ ವರ್ತಮಾನಕಾಲ ಬಿಟ್ಟು "2024ರಲ್ಲಿ 360 ತಂಡಗಳು ಭಾಗವಹಿಸಿದವು" ಎಂದು ಇಸವಿಗೆ ಕಟ್ಟಿದರೆ, ತಂಡಗಳ ಸಂಖ್ಯೆ ಮುಂದೆ ಏರಿದರೂ ಇಳಿದರೂ ವಾಕ್ಯ ಸುಳ್ಳಾಗುವುದಿಲ್ಲ. ಪರಿಚಯ ಪ್ಯಾರಾದ ಮೊದಲ ವಾಕ್ಯದಲ್ಲಿ ಮಾತ್ರ ಅದು ಬೇಡ. ಅಲ್ಲಿ ಉತ್ಸವ ಎಂದರೇನು ಎಂಬುದು ಬರಲಿ, ದಾಖಲೆ ಆಮೇಲೆ.

ಹೆಚ್ಚು ಹೊತ್ತು ಹಿಡಿದದ್ದು ಒಲಿಂಪಿಯನ್‌ಗಳ ವಾಕ್ಯ. ಅದರಲ್ಲಿ ಉಬ್ಬಿದ ವಿಶೇಷಣ ಒಂದೂ ಇಲ್ಲ, ಉಲ್ಲೇಖವೂ ಇದೆ. ಉಲ್ಲೇಖ ತೆರೆದು ನೋಡಿದರೆ ಅದು ಕೊಡಗಿನ ಹಾಕಿ ಆಟಗಾರರ ಬಗೆಗಿನದು: 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ. ಎಲ್ಲ ನಿಜ. ಆದರೆ ಉತ್ಸವ ಶುರುವಾದದ್ದು 1997ರಲ್ಲಿ! "ಹೌದಲ್ಲ ಸರ್, ಇಸವಿ ನೋಡ್ಲೇ ಇಲ್ಲ" ಎಂದ ಹುಡುಗ. ಇಲ್ಲಿ ಪಕ್ಷಪಾತ ಪದಗಳಲ್ಲಿಲ್ಲ, ಎರಡು ನಿಜಗಳನ್ನು ಹೊಲಿದ "ನೀಡಿದ" ಎಂಬ ಒಂದು ಕ್ರಿಯಾಪದದಲ್ಲಿದೆ. ಮೂಲ ಹೇಳದ ಕಾರಣ-ಪರಿಣಾಮವನ್ನು ಬರೆದವನು ತಾನೇ ಸೇರಿಸಿದ್ದಾನೆ. ಬರೀ ವಿಶೇಷಣ ಹುಡುಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಮಾಡಬೇಕಾದ್ದು ಹೊಲಿಗೆ ಬಿಚ್ಚುವುದು: ಆ ಮೂವರ ಹೆಸರು, ಇಸವಿ, ಪದಕಗಳನ್ನು ಉಲ್ಲೇಖದ ಸಮೇತ "ಹಿನ್ನೆಲೆ" ಎಂಬ ವಿಭಾಗಕ್ಕೆ ಸಾಗಿಸಿದೆವು. ಉತ್ಸವಕ್ಕೂ ಮುಂಚೆ ಕೊಡಗಿನಲ್ಲಿ ಹಾಕಿ ಎಲ್ಲಿಗೆ ಮುಟ್ಟಿತ್ತು ಎಂದು ಹೇಳಲು ಅವು ಅಲ್ಲಿ ಚೆನ್ನಾಗಿಯೇ ಒದಗುತ್ತವೆ. ಕೊಡಗನ್ನು "ಹಾಕಿಯ ತೊಟ್ಟಿಲು" ಎನ್ನಬೇಕೆಂಬ ಆಸೆ ಇದ್ದವರಿಗೂ ಈ ಮೂರು ಹೆಸರು ಸಾಕು. ಆ ಬಿರುದೇ ಬೇಕೆಂದರೆ ಯಾರು, ಎಲ್ಲಿ ಹಾಗೆಂದರು ಎಂದು ಹೆಸರಿಟ್ಟು ಹೇಳಬೇಕು. "ಎಂದೇ ಖ್ಯಾತವಾಗಿದೆ", "ಎಂದು ಹಲವರು ಹೇಳುತ್ತಾರೆ" ಎನ್ನುವುದು ಜವಾಬ್ದಾರಿ ಜಾರಿಸುವ ದಾರಿ.

ಕೆಳಗಿನ ವಿಭಾಗದಲ್ಲಿ ಬೇರೆ ಯಾರೋ ಸೇರಿಸಿದ ಒಂದು ಸಾಲು: "ಒಂದೇ ಸಮುದಾಯಕ್ಕೆ ಸೀಮಿತವಾದ ಸಂಕುಚಿತ ಕೂಟ." ಇದಕ್ಕೂ ಅದೇ ಅಳತೆ. ಯಾರು ಆಡಬಹುದು ಎಂಬುದು ಸಂಗತಿ, ಲೇಖನದಲ್ಲಿ ಇರಲೇಬೇಕು: ತಂಡಗಳು ಕೊಡವ ಕುಟುಂಬಗಳ ಹೆಸರಿನಲ್ಲಿ ಆಡುತ್ತವೆ, ಒಂದು ತಂಡದಲ್ಲಿ ಒಂದೇ ಕುಟುಂಬದವರು. "ಸಂಕುಚಿತ" ಅಭಿಪ್ರಾಯ. ಟೀಕೆ ಅಚ್ಚಾದ ಮೂಲ ಇದ್ದರೆ ಟೀಕಿಸಿದವರ ಹೆಸರಿನೊಂದಿಗೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೊಗಳಿಕೆ ಕತ್ತರಿಸಿ ತೆಗಳಿಕೆಯನ್ನು ಹಾಗೇ ಬಿಟ್ಟರೆ, ಅಥವಾ ಊರಿನ ಅಭಿಮಾನಕ್ಕೆ ತೆಗಳಿಕೆ ಮಾತ್ರ ಅಳಿಸಿದರೆ, ಲೇಖನ ಮೊದಲಿಗಿಂತ ಕೆಡುತ್ತದೆ.

ಯಂತ್ರದ ಕಡೆಯಿಂದ ಒಂದು ಅಪಾಯವಿದೆ. ಒಂದೇ ಮೂಲವನ್ನು ಹಲವು ಕಡೆ ಬಳಸುವಾಗ ಉಲ್ಲೇಖಕ್ಕೆ ಹೆಸರು ಕೊಟ್ಟಿರುತ್ತಾರೆ. ಪೂರ್ತಿ ವಿವರ ಒಂದು ಕಡೆ ಮಾತ್ರ, ಉಳಿದೆಡೆ ಬರೀ ಹೆಸರು:

```
…ಜನ್ಮತಾಳಿದ ಈ ಉತ್ಸವ…<ref name="karada97">ಪತ್ರಿಕೆ, ದಿನಾಂಕ, ಪುಟ</ref>
…ಪ್ರತಿ ಬಾರಿ ಒಂದು ಕುಟುಂಬ ಆತಿಥ್ಯ ವಹಿಸುತ್ತದೆ.<ref name="karada97" />
```

ಮೊದಲ ವಾಕ್ಯ ಬರೀ ಹೊಗಳಿಕೆಯೆಂದು ಉಲ್ಲೇಖ ಸಮೇತ ಅಳಿಸಿದರೆ ಕೆಳಗಿನ ನಿರುಪದ್ರವಿ ವಾಕ್ಯವೂ ಅನಾಥವಾಗುತ್ತದೆ. ಉಲ್ಲೇಖಗಳ ಪಟ್ಟಿಯಲ್ಲಿ ಕೆಂಪಕ್ಷರದ ದೋಷ ಸಂದೇಶ ಬರುತ್ತದೆ. ಆಮೇಲೆ ಬಂದವರು "ಮೂಲವಿಲ್ಲ" ಎಂದು ಅದನ್ನೂ ತೆಗೆಯುತ್ತಾರೆ. ಅಳಿಸುವ ಮುನ್ನ ಆ ಹೆಸರು ಬೇರೆಲ್ಲಿದೆ ಎಂದು ಪುಟದಲ್ಲಿ ಹುಡುಕಿ, ಪೂರ್ತಿ ವಿವರವನ್ನು ಉಳಿಯುವ ವಾಕ್ಯಕ್ಕೆ ವರ್ಗಾಯಿಸಬೇಕು.

ಎಲ್ಲವನ್ನೂ ಒಂದೇ ಸಲ ಉಳಿಸದೆ ಮೂರು ಸಂಪಾದನೆ ಮಾಡಿದೆವು: ಪದಗಳ ಬದಲಾವಣೆ ಒಂದು, ಒಲಿಂಪಿಯನ್‌ಗಳ ಭಾಗದ ಸ್ಥಳಾಂತರ ಇನ್ನೊಂದು, ಆಧಾರವಿಲ್ಲದ್ದರ ತೆಗೆತ ಮತ್ತೊಂದು. ಯಾರಿಗಾದರೂ ಒಂದು ಒಪ್ಪಿಗೆಯಾಗದಿದ್ದರೆ ಅದನ್ನಷ್ಟೇ ಹಿಂದಿರುಗಿಸಬಹುದು. (ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವ ಚೆಂದಕ್ಕೂ ಇದೇ ಒಳ್ಳೆಯದು.) ಸಾರಾಂಶದಲ್ಲಿ "ಸುಧಾರಣೆ" ಎಂದು ಗೀಚದೆ "ವಿಶೇಷಣಗಳನ್ನು ತೆಗೆದಿದೆ, ಅಂಕಿ ಮತ್ತು ಉಲ್ಲೇಖಗಳು ಹಾಗೇ ಇವೆ" ಎಂದು ಬರೆದರೆ ಮೊದಲು ಬರೆದವನಿಗೂ ಸಿಟ್ಟು ಬರುವುದಿಲ್ಲ. ಪ್ಯಾರಾ ಕೊನೆಗೆ ಹೀಗಾಯಿತು:

"ಕೊಡವ ಕೌಟುಂಬಿಕ ಹಾಕಿ ಉತ್ಸವವು ಕೊಡಗು ಜಿಲ್ಲೆಯಲ್ಲಿ ಕೊಡವ ಕುಟುಂಬಗಳ ನಡುವೆ ನಡೆಯುವ ಹಾಕಿ ಪಂದ್ಯಾವಳಿ. ಪಾಂಡಂಡ ಕುಟ್ಟಪ್ಪ ಅವರ ಯೋಜನೆಯಂತೆ 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಯಿತು.[1] 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲುವಿನಲ್ಲಿ ನಡೆದ ಪಂದ್ಯಾವಳಿಯಲ್ಲಿ 360 ತಂಡಗಳು ಭಾಗವಹಿಸಿದವು. ಇದನ್ನು ಗಿನ್ನೆಸ್ ಸಂಸ್ಥೆ ದಾಖಲೆಯೆಂದು ಪರಿಗಣಿಸಿದೆ.[2]"

ಹಳೆಯ ಮತ್ತು ಹೊಸ ಆವೃತ್ತಿಯನ್ನು ಎಡ-ಬಲ ಇಟ್ಟು, ಕಾಗದದ ಪಟ್ಟಿಗೆ ಟಿಕ್ ಹಾಕುತ್ತ ಹೋದೆವು. ಲೇಖನದ ಬೈಟು ಇಳಿದರೆ ಚಿಂತೆಯಿಲ್ಲ. ಹೆಸರು, ಇಸವಿ, ಅಂಕಿ, ಉಲ್ಲೇಖ ಇವುಗಳಲ್ಲಿ ಒಂದಕ್ಕೆ ಟಿಕ್ ಬೀಳದಿದ್ದರೆ ಎಲ್ಲೋ ಹೆಚ್ಚು ಕತ್ತರಿಸಿದ್ದೇವೆಂದು ಅರ್ಥ. ಲೇಖನದಲ್ಲಿ ಬೇರೆ ಕಡೆ ಇದ್ದ "ಲಕ್ಷಾಂತರ ಪ್ರೇಕ್ಷಕರು" ಎಂಬ ಮೂಲವಿಲ್ಲದ ಮಾತನ್ನು ಮಾತ್ರ ಚರ್ಚೆ ಪುಟಕ್ಕೆ ಸಾಗಿಸಿ, ಯಾವ ವರ್ಷದ ಫೈನಲ್ಲಿನದು, ಎಣಿಸಿದವರು ಯಾರು ಎಂದು ಕೇಳಿಟ್ಟಿದ್ದೇವೆ. ಮಾಸ್ಟರು ಮನೆಯಲ್ಲಿರುವ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ನೋಡುವುದಾಗಿ ಹೇಳಿದ್ದಾರೆ.