ಒಂದೇ ತಲೆಮಾರಿನ ಎರಡು ಔಷಧಿ, ಒಂದಕ್ಕೆ ಹೂಂ ಒಂದಕ್ಕೆ ಬೇಡ

ಸೆಫಾಜೋಲಿನ್ ಮತ್ತು ಸೆಫಾಡ್ರಾಕ್ಸಿಲ್. ಎರಡೂ ಸೆಫಲೋಸ್ಪೋರಿನ್ ಎಂಬ ಆಂಟಿಬಯಾಟಿಕ್ ಕುಟುಂಬದವು, ಎರಡೂ ಮೊದಲ ತಲೆಮಾರಿನವು. ಒಬ್ಬನೇ ರೋಗಿಗೆ ಮೊದಲನೆಯದನ್ನು ನಾನೇ ಕೈಯಾರೆ ಕೊಟ್ಟು, ಎರಡನೆಯದು ಅವರ ಚೀಟಿಯಲ್ಲಿ ಕಂಡ ಕೂಡಲೇ ಹೊಡೆದು ಹಾಕಿಸಿದ ಒಂದು ಪ್ರಸಂಗ ಬರೆಯುತ್ತಿದ್ದೇನೆ. ನಾನು ಅನಸ್ತೇಶಿಯಾ ಡಾಕ್ಟರ್. ಪೆನಿಸಿಲಿನ್ ಅಲರ್ಜಿ ಇದೆ ಅಂದರೆ ಯಾವ ಸೆಫಲೋಸ್ಪೋರಿನ್ ಕೊಡಬಹುದು ಅನ್ನೋ ಪ್ರಶ್ನೆ ನಮ್ಮ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ.

ರೋಗಿ ತೆಂಗಿನ ತೋಟದ ರೈತರು, ಐವತ್ತು ದಾಟಿದವರು. ತೊಡೆಸಂದಿನ ಹರ್ನಿಯಾ, ಮೆಶ್ ಹಾಕಿ ಹೊಲಿಯುವ ಆಪರೇಷನ್. ಹಿಂದಿನ ಸಂಜೆ ವಾರ್ಡಿಗೆ ಹೋಗಿ ಮಾತಾಡಿಸಿದೆ.

"ಯಾವ ಮಾತ್ರೆ ತಗೊಂಡಾಗ ಏನಾಯ್ತು ಹೇಳಿ ಅಣ್ಣಾ."

"ಹಲ್ಲು ನೋವಿಗೆ ಕೊಟ್ಟಿದ್ರು ಮೇಡಂ. ಎರಡನೇದು ನುಂಗಿ ಊಟ ಮುಗಿಸೋದ್ರೊಳಗೆ ಮೈಯೆಲ್ಲಾ ಗಂಧೆ ಎದ್ದು ತುಟಿ ಊದ್ಕೊಂಡ್ತು. ಉಸಿರು ಕಟ್ಟಿದ ಹಾಗಾಯ್ತು. ಇಂಜೆಕ್ಷನ್ ಕೊಟ್ಟು ರಾತ್ರಿಯೆಲ್ಲಾ ಆಸ್ಪತ್ರೇಲೇ ಇಟ್ಕೊಂಡ್ರು."

ಹೆಂಡತಿ ಆ ಹಳೇ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದರು. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ಅಂತ ಇತ್ತು. ಆ ಹೆಸರು ಸಿಕ್ಕಿದ್ದು ನನಗೆ ದೊಡ್ಡ ಸಹಾಯ. ಸುಮ್ನೆ 'ಪೆನಿಸಿಲಿನ್' ಅಂದರೆ ಸಾಲದು. ಸಂಧಿವಾತ ಜ್ವರಕ್ಕೆ ತಿಂಗಳಿಗೊಮ್ಮೆ ಚುಚ್ಚುವ ಬೆಂಜಾಥಿನ್ ಪೆನಿಸಿಲಿನ್ನೂ ಪೆನಿಸಿಲಿನ್ನೇ, ಅಮಾಕ್ಸಿಸಿಲಿನ್ನೂ ಪೆನಿಸಿಲಿನ್ನೇ, ಆದರೆ ಅವುಗಳ ಸೈಡ್ ಚೈನ್, ಅಂದರೆ ಔಷಧಿಯ ಅಣುವಿನ ಪಕ್ಕಕ್ಕೆ ಅಂಟಿದ ಕವಲು, ಬೇರೆ. ಅದರಿಂದ ದೂರ ಇಡಬೇಕಾದ ಸೆಫಲೋಸ್ಪೋರಿನ್‌ಗಳ ಪಟ್ಟಿಯೂ ಬೇರೆಯಾಗುತ್ತದೆ. ಜೊತೆಗೆ ಇವರ ಕಥೆಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬರೀ ಹೊಟ್ಟೆ ತೊಳಸಿದ್ದನ್ನೂ ಅಲರ್ಜಿ ಅಂತ ಬರೆಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಇದು ಹಾಗಲ್ಲ. ತಕ್ಷಣ ಬಂದ, ಉಸಿರಿಗೇ ತೊಂದರೆ ಕೊಟ್ಟ ನಿಜವಾದ ರಿಯಾಕ್ಷನ್.

ಗಾಯಕ್ಕೆ ಸೋಂಕು ಬರದಂತೆ ಆಪರೇಷನ್ನಿಗೆ ಮೊದಲು ಕೊಡುವ ಆಂಟಿಬಯಾಟಿಕ್ ಆಗಿ ಸರ್ಜನ್ ಕ್ಲಿಂಡಾಮೈಸಿನ್ ಕೊಡೋಣ ಅಂದರು. "ಪೆನಿಸಿಲಿನ್ ಆಗದವರಲ್ಲಿ ನೂರಕ್ಕೆ ಹತ್ತು ಜನಕ್ಕೆ ಸೆಫಲೋಸ್ಪೋರಿನ್ನೂ ಆಗಲ್ಲ ಅಲ್ವಾ?" ಅಂತ ಕೇಳಿದರು. ನಾವೆಲ್ಲ ಓದಿಕೊಂಡೇ ಬಂದ ಲೆಕ್ಕ ಅದು. ಆದರೆ ಅದು ಹುಟ್ಟಿದ್ದು 1960-70ರ ದಶಕದ ಔಷಧಿಗಳಿಂದ. ಆಗಿನ ಸೆಫಲೋಸ್ಪೋರಿನ್‌ಗಳಲ್ಲಿ ಪೆನಿಸಿಲಿನ್‌ನ ಅಂಶ ಸ್ವಲ್ಪ ಬೆರೆತೇ ಇರುತ್ತಿತ್ತು. ಮೇಲಾಗಿ ಆಗ ಬಳಕೆಯಲ್ಲಿದ್ದ ಸೆಫಲೋಥಿನ್, ಸೆಫಲೋರಿಡಿನ್‌ಗಳ ಸೈಡ್ ಚೈನ್ ಪೆನಿಸಿಲಿನ್ ಜಿ ಚೈನನ್ನೇ ಹೋಲುತ್ತಿತ್ತು. ಆ ಹಳೇ ಲೆಕ್ಕವನ್ನು ಇವತ್ತಿನ ಎಲ್ಲಾ ಸೆಫಲೋಸ್ಪೋರಿನ್‌ಗಳ ಮೇಲೂ ಹೇರುವುದು ಸರಿಯಲ್ಲ.

ಸೈಡ್ ಚೈನ್ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಎರಡೂ ಕುಟುಂಬದ ಔಷಧಿಗಳ ನಡುವೆ ನಾಲ್ಕು ಮೂಲೆಯ ಬೀಟಾ-ಲ್ಯಾಕ್ಟಮ್ ಉಂಗುರ ಇರುತ್ತದೆ. ಉಂಗುರ ಒಂದೇ ಆದ ಮೇಲೆ ಅಲರ್ಜಿಯೂ ಒಂದೇ ಇರಬೇಕು ಅಂತ ಮೊದಲು ಎಲ್ಲರೂ ಅಂದುಕೊಂಡಿದ್ದರು. ಆದರೆ ದೇಹದೊಳಗೆ ಎರಡರ ದಾರಿ ಬೇರೆ. ಪೆನಿಸಿಲಿನ್‌ನ ಉಂಗುರ ಒಡೆದು ನಮ್ಮ ಪ್ರೋಟೀನಿಗೆ ಅಂಟಿಕೊಂಡಾಗ ಅದರ ಉಳಿದ ಭಾಗ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ಸೆಫಲೋಸ್ಪೋರಿನ್ ಉಂಗುರ ಒಡೆದರೆ ಅದಕ್ಕೆ ಕೂಡಿಕೊಂಡ ಆರು ಮೂಲೆಯ ಉಂಗುರವೂ ಚೂರಾಗಿ ಹೋಗುತ್ತದೆ. ಪ್ರೋಟೀನಿನ ಮೇಲೆ ಗುರುತು ಹಿಡಿಯುವಂತೆ ಉಳಿಯುವುದು ಮುಖ್ಯವಾಗಿ ಏಳನೇ ಸ್ಥಾನದ ಸೈಡ್ ಚೈನ್. ನಾವು ಜನರನ್ನು ಮೂಳೆ ನೋಡಿ ಅಲ್ಲ, ಮುಖ ನೋಡಿ ಗುರುತಿಸುತ್ತೇವಲ್ಲ, ಅಲರ್ಜಿಯ ಪ್ರತಿಕಾಯವೂ ಇಲ್ಲಿ ಹಾಗೆಯೇ, ಆ ಚೈನನ್ನು ನೋಡಿ ಹಿಡಿಯುತ್ತದೆ.

ಸೆಫಾಜೋಲಿನ್‌ನ ಸೈಡ್ ಚೈನ್ ಯಾವ ಪೆನಿಸಿಲಿನ್‌ಗೂ ಹೋಲುವುದಿಲ್ಲ, ನಾವು ಬಳಸುವ ಬೇರೆ ಸೆಫಲೋಸ್ಪೋರಿನ್‌ಗಳಿಗೂ ಹೋಲುವುದಿಲ್ಲ. ಹಾಗಾಗಿಯೇ 2022ರ ಅಮೆರಿಕದ ಔಷಧಿ ಅಲರ್ಜಿ ಮಾರ್ಗಸೂಚಿ, ಪೆನಿಸಿಲಿನ್‌ನಿಂದ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿ, ಆದವರಿಗೂ ಚೈನ್ ಹೋಲದ ಸೆಫಲೋಸ್ಪೋರಿನ್ ಕೊಡಬಹುದು ಎನ್ನುತ್ತದೆ. ಮೊದಲು ಪರೀಕ್ಷೆ ಮಾಡಲೇಬೇಕೆಂದೂ ಕೇಳುವುದಿಲ್ಲ. ಇನ್ನೊಂದು ಕಡೆ, ಬೇರೆ ಔಷಧಿಗೆ ಹೋದರೆ ಸೋಂಕಿನ ಅಪಾಯ ಜಾಸ್ತಿ. 2018ರಲ್ಲಿ ಬಾಸ್ಟನ್‌ನಿಂದ ಬಂದ ಒಂದು ಅಧ್ಯಯನದಲ್ಲಿ, ಪೆನಿಸಿಲಿನ್ ಅಲರ್ಜಿ ಅಂತ ಬರೆಸಿಕೊಂಡವರಲ್ಲಿ ಆಪರೇಷನ್ ಗಾಯದ ಸೋಂಕಿನ ಸಾಧ್ಯತೆ ಸುಮಾರು 50% ಹೆಚ್ಚಿತ್ತು. ಕಾರಣ ಹುಡುಕಿದರೆ, ಅವರಿಗೆ ಸೆಫಾಜೋಲಿನ್ ಬದಲು ಬೇರೇನೋ ಕೊಟ್ಟಿದ್ದರು. ಇವರಿಗೆ ಮೆಶ್ ಬೇರೆ ಹಾಕುವುದಿತ್ತು, ಅದಕ್ಕೆ ಸೋಂಕು ತಗುಲಿದರೆ ಕೆಲವೊಮ್ಮೆ ತೆಗೆದೇ ಹಾಕಬೇಕಾಗುತ್ತದೆ. ಇಷ್ಟು ಕೇಳಿದ ಮೇಲೆ ಸರ್ಜನ್ ಒಪ್ಪಿದರು.

ಬೆಳಿಗ್ಗೆ ಸಿಸ್ಟರ್ "ಟೆಸ್ಟ್ ಡೋಸ್ ಹಾಕಲಾ ಮೇಡಂ?" ಅಂದರು. ಚರ್ಮದೊಳಗೆ ಅಂದಾಜಿನಲ್ಲಿ ಚುಚ್ಚುವ ಆ ಹನಿಯನ್ನು ನಾನು ನಂಬುವುದಿಲ್ಲ. ಔಷಧಿಯ ಸಾಂದ್ರತೆ ಸರಿಯಿಲ್ಲದಿದ್ದರೆ ಚರ್ಮ ಸುಮ್ನೆ ಕೆಂಪಾಗುತ್ತದೆ, ಕೆಂಪಾಗದಿದ್ದರೆ ಎಲ್ಲರಿಗೂ ಇಲ್ಲದ ಧೈರ್ಯ ಬರುತ್ತದೆ. ಅದರ ಬದಲು ಮಾನಿಟರ್ ಹಾಕಿ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಬೆನ್ನಿಗೆ ಸ್ಪೈನಲ್ ಕೊಡುವ ಮೊದಲೇ 2 ಗ್ರಾಂ ಸೆಫಾಜೋಲಿನ್ ಅನ್ನು ಐದು ನಿಮಿಷ ಹಿಡಿದು ನಿಧಾನವಾಗಿ ಕೊಟ್ಟೆ. ಸ್ಪೈನಲ್ ಆದ ಮೇಲೆ ಬಿಪಿ ಹೇಗಿದ್ದರೂ ಇಳಿಯುತ್ತದೆ, ಆಗ ಅದು ಅಲರ್ಜಿಯೋ ಸ್ಪೈನಲ್ಲೋ ಅಂತ ತಿಳಿಯುವುದು ಕಷ್ಟ. ಎಚ್ಚರವಾಗಿರುವ ಮನುಷ್ಯ "ಕೈ ಕಡಿತಾ ಇದೆ, ಗಂಟಲು ಕಟ್ಟಿದ ಹಾಗಿದೆ" ಅಂತ ತಾನೇ ಹೇಳುತ್ತಾನೆ. ಇವರು ತೆಂಗಿಗೆ ಬಿದ್ದ ನುಸಿ ರೋಗದ ಬಗ್ಗೆ ಮಾತಾಡುತ್ತಾ ಮಲಗಿದ್ದರು. ಏನೂ ಆಗಲಿಲ್ಲ.

ಮರುದಿನ ಮನೆಗೆ ಹೊರಟಾಗ ಚೀಟಿ ನೋಡಿದೆ. ಸೆಫಾಡ್ರಾಕ್ಸಿಲ್ 500, ದಿನಕ್ಕೆರಡು, ಐದು ದಿನ. ಬರೆದ ಹುಡುಗ ಒಳ್ಳೆಯ ಕೆಲಸಗಾರ, ಯೋಚಿಸಿಯೇ ಬರೆದಿದ್ದ. "ಮೇಡಂ, ನಿನ್ನೆ ಸೆಫಾಜೋಲಿನ್ ಆಯ್ತಲ್ಲ, ಇದೂ ಅದೇ ತಲೆಮಾರು" ಅಂದ.

ತಲೆಮಾರು ಅನ್ನುವುದು ಆ ಔಷಧಿ ಯಾವ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನುವ ವಿಂಗಡಣೆ. ಅಲರ್ಜಿಗೂ ಅದಕ್ಕೂ ಸಂಬಂಧ ಇಲ್ಲ. ಸೆಫಾಡ್ರಾಕ್ಸಿಲ್‌ನ ಸೈಡ್ ಚೈನ್ ಅಮಾಕ್ಸಿಸಿಲಿನ್‌ನದೇ, ಒಂದು ಪರಮಾಣುವೂ ವ್ಯತ್ಯಾಸವಿಲ್ಲ. ಸೆಫ್ರೋಝಿಲ್‌ನದೂ ಅಷ್ಟೇ. ಸೆಫಲೆಕ್ಸಿನ್, ಸೆಫಾಕ್ಲೋರ್‌ಗಳ ಚೈನ್ ಆಂಪಿಸಿಲಿನ್‌ನದು. ಅಮಾಕ್ಸಿಸಿಲಿನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಒಂದು ಹೈಡ್ರಾಕ್ಸಿಲ್ ಗುಂಪು ಮಾತ್ರ. 2019ರಲ್ಲಿ ಹಲವು ಅಧ್ಯಯನ ಸೇರಿಸಿ ನೋಡಿದಾಗ, ನಿಜವಾಗಿ ಪೆನಿಸಿಲಿನ್ ಅಲರ್ಜಿ ಇದ್ದವರಲ್ಲಿ ಈ ಗುಂಪಿಗೆ ಅಡ್ಡ ಅಲರ್ಜಿ ಸುಮಾರು 16% ಬಂತು, ಚೈನ್ ಹೋಲದ ಸೆಫಲೋಸ್ಪೋರಿನ್‌ಗಳಿಗೆ ಸುಮಾರು 2%. ನನಗೆ ಭಯವಾಗಿದ್ದು ಇದೇ. ಆಪರೇಷನ್ ಕೋಣೆಯಲ್ಲಿ ಎಲ್ಲಾ ಸಲಕರಣೆ ಇಟ್ಟುಕೊಂಡು ಕಡಿಮೆ ಅಪಾಯದ ಔಷಧಿಗೆ ಇಷ್ಟು ಚರ್ಚೆ ಮಾಡಿದೆವು, ಹೆಚ್ಚು ಅಪಾಯದ್ದನ್ನು ಅವರು ಆಸ್ಪತ್ರೆಯಿಂದ ದೂರದ ತೋಟದ ಮನೆಯಲ್ಲಿ ನುಂಗುವವರಿದ್ದರು.

ಸಾಲು ಹೊಡೆದು ಹಾಕಿದ. ಬದಲಿಗೆ ಏನೂ ಬರೆಯಲಿಲ್ಲ, ಏಕೆಂದರೆ ಶುಚಿಯಾದ ಹರ್ನಿಯಾ ಆಪರೇಷನ್ ಆದ ಮೇಲೆ ಆಂಟಿಬಯಾಟಿಕ್ ಮುಂದುವರಿಸುವ ಅಗತ್ಯವೇ ಇಲ್ಲ. ಮುಂದೆ ಎಂದಾದರೂ ಬೇಕಾದರೆ ಸೆಫುರಾಕ್ಸಿಮ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇವರಿಗೆ ನಡೆಯುತ್ತವೆ, ಅವುಗಳ ಚೈನ್ ಅಮಾಕ್ಸಿಸಿಲಿನ್‌ಗೆ ಹೋಲುವುದಿಲ್ಲ ಅಂತ ಹುಡುಗನಿಗೆ ಹೇಳಿದೆ. ಒಂದು ವಿಷಯವನ್ನು ಒತ್ತಿ ಹೇಳಿದೆ: ಈ ಲೆಕ್ಕವೆಲ್ಲ ತಕ್ಷಣ ಬರುವ ಅಲರ್ಜಿಗೆ. ಪೆನಿಸಿಲಿನ್ ಆದ ಮೇಲೆ ಚರ್ಮ ಸುಲಿದವರು, ಬಾಯಲ್ಲಿ ಕಣ್ಣಲ್ಲಿ ಹುಣ್ಣಾದವರು, ಜ್ವರದ ಜೊತೆ ಲಿವರ್ ಕೆಟ್ಟವರು ಬಂದರೆ ಸೈಡ್ ಚೈನ್ ನೋಡಿ ಧೈರ್ಯ ಮಾಡಬಾರದು. ಅವರಿಗೆ ಈ ಇಡೀ ಕುಟುಂಬವನ್ನೇ ದೂರ ಇಟ್ಟು ಅಲರ್ಜಿ ತಜ್ಞರನ್ನು ಕೇಳಬೇಕು.

ಹೊರಡುವಾಗ ಹೆಂಡತಿ "ಮಕ್ಕಳಿಗೂ ಅಮಾಕ್ಸಿಸಿಲಿನ್ ಕೊಡಿಸಬಾರದಾ ಮೇಡಂ? ನಾನು ಅವತ್ತಿಂದ ಬೇಡ ಅಂತಲೇ ಹೇಳ್ತಾ ಇದೀನಿ" ಅಂದರು. ಅಪ್ಪನಿಗೆ ಇದೆ ಅನ್ನೋ ಕಾರಣಕ್ಕೆ ಮಕ್ಕಳಿಗೆ ನಿಲ್ಲಿಸಬೇಕಾಗಿಲ್ಲ ಅಮ್ಮಾ, ಅವರಿಗೆ ಯಾವತ್ತೂ ಏನೂ ಆಗಿಲ್ಲ ಅಂದರೆ ಡಾಕ್ಟರು ಬರೆದರೆ ಕೊಡಿಸಿ ಅಂದೆ.