ಮೇಷ್ಟ್ರ ಹೆಗಲ ಮೇಲಿನ ಹಸಿರು

ನಮ್ಮ ಬೀದಿಯ ನಿವೃತ್ತ ವಿಜ್ಞಾನ ಮೇಷ್ಟ್ರು ಮಕ್ಕಳಿಗಾಗಿ ಸೌರಮಂಡಲದ ಪಾಠವನ್ನು ವಿಡಿಯೋ ಮಾಡಬೇಕು ಅಂತಿದ್ದರು. "ನಾನು ನಿಂತು ಮಾತಾಡ್ತೀನಿ, ಹಿಂದೆ ಶನಿ ಗ್ರಹ ಕಾಣಬೇಕು ನೋಡಪ್ಪ" ಅಂದರು. ನಾನು ಮದುವೆ ವಿಡಿಯೋ ಮಾಡುವವನು. ಹಸಿರು ಪರದೆ ಕಟ್ಟಿ ಶೂಟ್ ಮಾಡಿ, ಆಮೇಲೆ ಹಸಿರಿನ ಜಾಗಕ್ಕೆ ಶನಿಯನ್ನು ಕೂರಿಸೋಣ ಮೇಷ್ಟ್ರೇ ಅಂತ ಒಪ್ಪಿಕೊಂಡೆ.

ಬಟ್ಟೆ ಅಂಗಡಿಯಲ್ಲಿ ಹೊಳಪಿಲ್ಲದ ಹಸಿರು ಹತ್ತಿ ಬಟ್ಟೆ ತಂದೆ. ಸ್ಯಾಟಿನ್ ತರಲಿಲ್ಲ, ಅದು ಲೈಟಿಗೆ ಬೆಳ್ಳಗೆ ಹೊಳೆಯುತ್ತದೆ. ಅಷ್ಟು ಸರಿ ಮಾಡಿದ್ದೆ. ಮೇಷ್ಟ್ರ ಮನೆಯ ಹಾಲಿನ ಗೋಡೆಗೆ ಅದನ್ನು ಕಟ್ಟಿ, ಎರಡಡಿ ಮುಂದೆ ಅವರನ್ನು ನಿಲ್ಲಿಸಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಎಲ್‌ಇಡಿ ಲೈಟು. ಅದನ್ನು ಅವರ ಮುಖಕ್ಕೆ ಬಿಟ್ಟೆ. ಎಡಗಡೆ ಕಿಟಕಿ ತೆರೆದಿತ್ತು. ಬೆಳಕು ಸಾಲದೆ ಐಎಸ್ಒ 1600ಕ್ಕೆ ಏರಿಸಿದೆ. ಕ್ಯಾಮೆರಾ ಪರದೆಯಲ್ಲಿ ಎಲ್ಲಾ ಹಸಿರಾಗಿಯೇ ಕಾಣಿಸಿತು. ಎರಡು ಗಂಟೆ ಶೂಟ್ ಮಾಡಿದೆವು.

ರಾತ್ರಿ ಕಂಪ್ಯೂಟರಿನಲ್ಲಿ ಹಸಿರು ತೆಗೆಯಲು ಕೂತೆ. ಇದಕ್ಕೆ ಕೀ ಮಾಡುವುದು ಅನ್ನುತ್ತೇವೆ, ಆಗ ಕಪ್ಪು-ಬಿಳುಪಿನ ಒಂದು ನೋಟ ಇರುತ್ತದೆ. ಹಿಂದಿನ ಪರದೆ ಪೂರ್ತಿ ಕಪ್ಪು, ಮನುಷ್ಯ ಪೂರ್ತಿ ಬಿಳಿ ಆಗಿ ಬಂದರೆ ಕೆಲಸ ಸರಿ ಇದೆ ಅಂತ. ನನಗೆ ಬಂದದ್ದು ಮೋಡ ಕವಿದ ಹಾಗೆ. ಎಡಮೂಲೆ ಬೂದಿ ಬಣ್ಣ. ಮೇಷ್ಟ್ರ ಬಲಗಡೆ ಅವರ ನೆರಳು ಬಿದ್ದ ಕಡೆ ಒಂದು ದಪ್ಪ ಕಲೆ, ಅದರೊಳಗೆ ಇರುವೆ ಹರಿದಾಡಿದಂತೆ ಚುಕ್ಕಿಗಳು. ಆ ಕಲೆ ಹೋಗಲಿ ಅಂತ ಸ್ಲೈಡರ್ ಎಳೆದರೆ ಅವರ ಬಿಳಿ ಅಂಗಿಯ ಹೆಗಲು ಕರಗಿ, ಶನಿಯ ಉಂಗುರ ಹೆಗಲೊಳಗಿಂದ ಕಾಣತೊಡಗಿತು. ಹೆಗಲು ಉಳಿಸಿದರೆ ಕಲೆ ವಾಪಸ್ ಬರುತ್ತಿತ್ತು. ಎರಡರಲ್ಲಿ ಒಂದನ್ನೂ ಬಿಡುವಂತಿರಲಿಲ್ಲ.

ಯಾಕೆ ಹೀಗೆ ಅಂತ ಅರ್ಥ ಆಗಿದ್ದು ಚಿತ್ರದ ಬೇರೆ ಬೇರೆ ಜಾಗದ ಬಣ್ಣದ ಅಂಕಿಗಳನ್ನು ನೋಡಿದಾಗ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತವೆ, 0ರಿಂದ 255ರವರೆಗೆ. ಸಾಫ್ಟ್‌ವೇರ್‌ಗೆ ಪರದೆ, ಮನುಷ್ಯ ಅಂತೆಲ್ಲ ಗೊತ್ತಿಲ್ಲ. ಸುಲಭವಾಗಿ ಹೇಳುವುದಾದರೆ, ಹಸಿರಿನ ಅಂಕಿ ಮಿಕ್ಕ ಎರಡರಲ್ಲಿ ದೊಡ್ಡದಕ್ಕಿಂತ ಎಷ್ಟು ಜಾಸ್ತಿ ಅಂತ ಅದು ನೋಡುತ್ತದೆ. ಆ ಅಂತರ ದೊಡ್ಡದಿದ್ದರೆ ತೆಗೆ, ಇಲ್ಲದಿದ್ದರೆ ಇಡು. ಮುಖದ ಬಣ್ಣದಲ್ಲಿ ಯಾವಾಗಲೂ ಕೆಂಪು ಮುಂದಿರುತ್ತದೆ, ಹಾಗಾಗಿ ಮುಖ ಉಳಿಯುತ್ತದೆ.

ನನ್ನ ಚಿತ್ರದಲ್ಲಿ ಪರದೆಯ ನಡುವೆ, ಲೈಟು ನೇರ ಬಿದ್ದ ಕಡೆ, 130, 220, 120 ಇತ್ತು. ಅಂತರ 90. ಮೂಲೆಯಲ್ಲಿ 50, 105, 45. ಅಂತರ 55. ಮೇಷ್ಟ್ರ ನೆರಳಿನಲ್ಲಿ 28, 58, 25. ಅಂತರ ಬರೀ 30. ಈಗ ಅವರ ಹೆಗಲು ನೋಡಿದೆ. ಬಿಳಿ ಅಂಗಿ, ಆದರೆ ಅಂಕಿ 170, 190, 168. ಪರದೆ ಎರಡೇ ಅಡಿ ಹಿಂದಿತ್ತಲ್ವಾ, ಅದಕ್ಕೆ ಬಡಿದ ಬೆಳಕು ಹಸಿರಾಗಿ ತಿರುಗಿ ಹೆಗಲ ಮೇಲೆ ಬಿದ್ದಿತ್ತು. ಇದನ್ನೇ ಸ್ಪಿಲ್ ಅನ್ನುತ್ತಾರೆ. ಅಲ್ಲಿ ಅಂತರ 20.

ಅಂದರೆ ತೆಗೆಯಬೇಕಾದ ನೆರಳು 30ರಲ್ಲಿ, ಉಳಿಸಬೇಕಾದ ಹೆಗಲು 20ರಲ್ಲಿ. ಅದರ ಮೇಲೆ 1600 ಐಎಸ್ಒನ ಕಾಳುಕಾಳು ಗದ್ದಲ. ಕತ್ತಲೆ ಜಾಗದಲ್ಲಿ ಅದು ಅಂಕಿಗಳನ್ನು ಪ್ರತಿ ಫ್ರೇಮಿಗೂ ಹತ್ತು ಮೇಲೆ, ಹತ್ತು ಕೆಳಗೆ ಕುಣಿಸುತ್ತಿತ್ತು. 30 ಕೆಲವೊಮ್ಮೆ 20 ಆಗುತ್ತಿತ್ತು. ಬರೀ ಈ ಅಂತರ ನೋಡಿ ಇವೆರಡರ ನಡುವೆ ಗೆರೆ ಎಳೆಯುವುದು ಸಾಫ್ಟ್‌ವೇರ್‌ಗೆ ಆಗುವ ಕೆಲಸವಲ್ಲ. ಆ ಇರುವೆಗಳ ಗುಟ್ಟು ಇದು.

ಇನ್ನೊಂದೂ ಕಂಡಿತು. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಟ್ಟಿದ್ದೆ. ಕಿಟಕಿಯಾಚೆ ಮೋಡ ಬಂದು ಹೋದಂತೆಲ್ಲ ಪರದೆಯ ಹಸಿರೇ ಬದಲಾಗಿತ್ತು. ಮೊದಲ ನಿಮಿಷಕ್ಕೆ ಹೊಂದಿಸಿದ ಕೀ ಹತ್ತನೇ ನಿಮಿಷಕ್ಕೆ ಕೂರುತ್ತಿರಲಿಲ್ಲ.

ಮರುದಿನ ಹೋಗಿ ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬೆಳಕಿನ ಪಾಠವೂ ಆಯ್ತಲ್ಲ, ಇನ್ನೊಂದು ಸಲ ಮಾಡೋಣ" ಅಂದರು.

ಮೊದಲು ಹಿಂದಿನ ದಿನದ ಹಾಗೇ ಲೈಟ್ ಇಟ್ಟು ಪರದೆಯನ್ನು ಅಳೆದೆ. ಇದಕ್ಕೆ ಮೀಟರ್ ಬೇಕಿಲ್ಲ. ಐಎಸ್ಒ ಮತ್ತು ಅಪರ್ಚರ್ ಸ್ಥಿರ ಇಟ್ಟು, ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿ, ಕ್ಯಾಮೆರಾವನ್ನು ಪರದೆಯ ನಡುವಿಗೆ ಮತ್ತು ನಾಲ್ಕು ಮೂಲೆಗೆ ಹಿಡಿದರೆ ಆಯಾ ಜಾಗಕ್ಕೆ ಬೇಕಾದ ಶಟರ್ ವೇಗವನ್ನು ಅದು ತಾನೇ ತೋರಿಸುತ್ತದೆ. ನಡುವೆ 1/100, ಕೆಳಗಿನ ಎಡಮೂಲೆಯಲ್ಲಿ 1/25. ಎರಡು ಸ್ಟಾಪ್ ವ್ಯತ್ಯಾಸ, ಅಂದರೆ ಮೂಲೆಗೆ ನಡುವಿನ ಕಾಲು ಭಾಗ ಬೆಳಕು. ಕಣ್ಣಿಗೆ ಇದು ಗೊತ್ತೇ ಆಗುವುದಿಲ್ಲ. ಕಣ್ಣು ತಾನೇ ಸರಿ ಮಾಡಿಕೊಂಡು ನೋಡುತ್ತದೆ.

ನಾನು ಆ ದಿನ ಕಲಿತ ಮುಖ್ಯ ವಿಷಯ, ಪರದೆಗೆ ಅದರದ್ದೇ ಲೈಟ್ ಬೇಕು. ಮುಖದ ಲೈಟಿನಿಂದ ಮಿಕ್ಕಿದ್ದು ಅದಕ್ಕೆ ಸಾಲದು. ಮೇಷ್ಟ್ರ ಮನೆಯಲ್ಲೇ ಇದ್ದ ಎರಡು ನಾಲ್ಕಡಿ ಎಲ್‌ಇಡಿ ಟ್ಯೂಬ್‌ಲೈಟುಗಳನ್ನು ನನ್ನ ತಮ್ಮ ಬಿಚ್ಚಿ ತಂದ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು, ಹಾಗಾಗಿ ಬಣ್ಣದಲ್ಲಿ ಭೇದವಿರಲಿಲ್ಲ. ಪರದೆಯ ಎಡಕ್ಕೊಂದು ಬಲಕ್ಕೊಂದು, ಮೂರಡಿ ಮುಂದೆ, ಕುರ್ಚಿಗಳಿಗೆ ನೆಟ್ಟಗೆ ಕಟ್ಟಿದೆವು. ಎಡಗಡೆಯದನ್ನು ಬಲ ಅಂಚಿನ ಕಡೆಗೆ, ಬಲಗಡೆಯದನ್ನು ಎಡ ಅಂಚಿನ ಕಡೆಗೆ ತಿರುಗಿಸಿದೆವು. ಒಂದು ಲೈಟಿಗೆ ದೂರವಾದ ಅಂಚು ಇನ್ನೊಂದಕ್ಕೆ ಹತ್ತಿರ, ಹೀಗೆ ಎರಡೂ ಸೇರಿ ಬೆಳಕು ಸಮ ಆಗುತ್ತದೆ. ಬಟ್ಟೆಗೆ ಇಸ್ತ್ರಿ ಹಾಕಿ, ಕೆಳಗಡೆ ಕ್ಲಿಪ್ಪಿನಿಂದ ಜಗ್ಗಿ ಕಟ್ಟಿದೆವು. ಮತ್ತೆ ಅಳೆದಾಗ ಎಲ್ಲಾ ಕಡೆ 1/80ರಿಂದ 1/100ರ ಒಳಗೇ ಬಂತು.

ಹಾಲ್ ಹದಿನೆಂಟಡಿ ಉದ್ದ. ಮೇಷ್ಟ್ರನ್ನು ಪರದೆಯಿಂದ ಏಳಡಿ ಮುಂದೆ ತಂದು, ಕ್ಯಾಮೆರಾವನ್ನು ಅವರಿಂದ ಎಂಟಡಿಗೆ ಇಟ್ಟೆ. ಪರದೆ ಫ್ರೇಮಿನ ತುಂಬಾ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಅವರು ಕೈ ಚಾಚುವಷ್ಟು ಜಾಗದ ಹಿಂದೆಲ್ಲ ಹಸಿರು ಕಂಡರೆ ಸಾಕು, ಮಿಕ್ಕಿದ್ದನ್ನು ಮಾಸ್ಕ್ ಎಳೆದು ಕತ್ತರಿಸಬಹುದು. ಇದು ಸೊಂಟದ ಮೇಲಿನ ಶಾಟಿಗೆ. ಕಾಲು ಕಾಣಬೇಕಾದರೆ ನೆಲಕ್ಕೂ ಬಟ್ಟೆ ಹಾಸಬೇಕು, ಅಲ್ಲಿ ನೆರಳಿನ ತಾಪತ್ರಯ ಬೇರೆಯೇ.

ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದೆವು. ಮುಖದ ಲೈಟನ್ನು 45 ಡಿಗ್ರಿ ಓರೆಗೆ ಸರಿಸಿದ್ದರಿಂದ ನೆರಳು ಪರದೆಗೆ ಬೀಳದೆ ಪಕ್ಕದ ನೆಲಕ್ಕೆ ಹೋಯಿತು. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಫೋಕಸ್ ಎಲ್ಲಾ ಕೈಯಿಂದ ಹಾಕಿದೆ. ಐಎಸ್ಒ 400. ಶಟರ್ 1/100 ಇಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 1/50 ಅಥವಾ 1/100 ಇಟ್ಟರೆ ಟ್ಯೂಬ್‌ಲೈಟು ಮಿಣುಕುವುದು ಚಿತ್ರಕ್ಕೆ ಬರುವುದಿಲ್ಲ. 1/100 ಆಯ್ದದ್ದಕ್ಕೆ ಕಾರಣ ಮೇಷ್ಟ್ರ ಕೈ. ಅವರು ಕೈ ಬೀಸಿ ಮಾತಾಡುತ್ತಾರೆ. ಹಿಂದಿನ ದಿನ 1/50ರಲ್ಲಿ ಬೆರಳು ಮಸುಕಾಗಿ, ಆ ಮಸುಕಿನಲ್ಲಿ ಚರ್ಮ ಮತ್ತು ಹಸಿರು ಬೆರೆತು, ಬೆರಳಿಗೆ ಹಸಿರು ಗರಿ ಹುಟ್ಟಿದ ಹಾಗೆ ಕಂಡಿತ್ತು.

ಈ ಸಲ ಎರಡು ಗಂಟೆ ಕಾಯಲಿಲ್ಲ. ಒಂದು ನಿಮಿಷ ಶೂಟ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ ಅಲ್ಲೇ ಅಂಕಿ ನೋಡಿದೆ. ಪರದೆಯ ಅಂತರ ಎಲ್ಲಾ ಕಡೆ 85ರಿಂದ 92. ಹೆಗಲಲ್ಲಿ 182, 186, 180. ಅಂತರ 4. ಒಂದೇ ಸಲ ಹಸಿರನ್ನು ಆರಿಸಿದ್ದಕ್ಕೆ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ಬಂತು. ಮೇಷ್ಟ್ರ ನರೆಗೂದಲು ಎಳೆಎಳೆಯಾಗಿ ಉಳಿದಿತ್ತು.

ಅವರನ್ನು ಕರೆದು ಹಿಂದೆ ಶನಿಯನ್ನು ಇಟ್ಟು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು, ಲ್ಯಾಪ್‌ಟಾಪಿನ ಹತ್ತಿರ ಬಾಗಿ ತಮ್ಮ ಬೆರಳು ಉಂಗುರವನ್ನು ತೋರಿಸುವ ಜಾಗವನ್ನೇ ನೋಡಿದರು. "ಬೆರಳು ಸ್ವಲ್ಪ ಕೆಳಗೆ ಹೋಯ್ತು" ಅಂದು, ಮತ್ತೆ ಎದ್ದು ಏಳಡಿಯ ಗುರುತಿನ ಮೇಲೆ ನಿಂತರು.